ಆರು ವಾರ ಮುಂಚೆ ಒಂಬೈನೂರು: ಸಾಕೇ, ಸಾಲದೇ?

ಮೈಸೂರಿನಲ್ಲಿ ಹತ್ತು ಕಿಲೋಮೀಟರ್ ಓಟವೊಂದು ನಡೆಯಲಿದೆ ಎಂದುಕೊಳ್ಳಿ. ಕಳೆದ ವರ್ಷ 2,500 ಜನ ಓಡಿದ್ದರು, ಈ ಸಲದ ಗುರಿ 3,000. ಓಟಕ್ಕೆ ಇನ್ನು ಆರು ವಾರವಿದೆ, ಹಣ ಕಟ್ಟಿ ಹೆಸರು ಬರೆಸಿದವರು 900. ಸಂಘಟಕರ ಸಭೆಯಲ್ಲಿ ಒಬ್ಬರು, ‘ಹೋದ ವರ್ಷ ಇದೇ ಹೊತ್ತಿಗೆ ಇಷ್ಟೇ ಇತ್ತಲ್ಲ, ಕೊನೆಗೆ ಎಲ್ಲ ಬರ್ತಾರೆ ಬಿಡಿ’ ಎನ್ನುತ್ತಾರೆ. ಇನ್ನೊಬ್ಬರಿಗೆ ಗಾಬರಿ: ‘ನಾಳೆಯೇ ಊರೆಲ್ಲ ಬ್ಯಾನರ್ ಕಟ್ಟಿಸೋಣ, ಶುಲ್ಕ ಇಳಿಸೋಣ.’

ಇಬ್ಬರ ಕೈಯಲ್ಲಿರುವುದೂ ಒಂದೇ ಸಂಖ್ಯೆ. ಆದರೆ 900 ಎಂಬುದು ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಇಂದಿಗೆ ಎಷ್ಟು ಆಗಿರಬೇಕಿತ್ತು ಎಂಬುದರ ಪಕ್ಕದಲ್ಲಿ ಇಟ್ಟಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ಈ ಬಗೆಯ ಲೆಕ್ಕ ವಿಮಾನ ಕಂಪನಿಗಳಿಗೆ ಹಳೆಯದು. ವಿಮಾನ ಹಾರಿದ ಮೇಲೆ ಖಾಲಿ ಸೀಟನ್ನು ಮಾರಲಾಗುವುದಿಲ್ಲ. ಮೊದಲೇ ಅಗ್ಗಕ್ಕೆ ಮಾರಿಬಿಟ್ಟರೆ ಕೊನೆಗಳಿಗೆಯಲ್ಲಿ ಹೆಚ್ಚು ಕೊಡಲು ಬರುವವನಿಗೆ ಸೀಟಿಲ್ಲ. ಬ್ರಿಟನ್ನಿನ ಬಿಒಎಸಿ ಸಂಸ್ಥೆಯ ಕೆನ್ ಲಿಟಲ್‌ವುಡ್ 1972ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅಮೆರಿಕನ್ ಏರ್‌ಲೈನ್ಸ್ 1985ರಲ್ಲಿ ಪೀಪಲ್ ಎಕ್ಸ್‌ಪ್ರೆಸ್‌ನ ಅಗ್ಗದ ದರಕ್ಕೆ ಎದುರಾಗಿ ತಾನೂ ರಿಯಾಯಿತಿ ಟಿಕೆಟ್ ಬಿಟ್ಟಾಗ, ಯಾವ ವಿಮಾನದಲ್ಲಿ ಎಷ್ಟು ಸೀಟನ್ನು ಆ ದರಕ್ಕೆ ಬಿಡಬೇಕು ಎಂಬುದನ್ನು ಬುಕಿಂಗ್ ಸಾಗುವ ಅಂದಾಜಿನ ಮೇಲೆಯೇ ನಿರ್ಧರಿಸಬೇಕಿತ್ತು. ಹಾರಾಟಕ್ಕೆ ಇಷ್ಟು ದಿನ ಮೊದಲು ಇಷ್ಟು ಸೀಟು ಎಂದು ಏರುತ್ತ ಹೋಗುವ ಗೆರೆಗೆ ಅಲ್ಲಿ ಬುಕಿಂಗ್ ಕರ್ವ್ ಎನ್ನುತ್ತಾರೆ. ಓಟ, ಸಮ್ಮೇಳನ, ಶಿಬಿರ ನಡೆಸುವವರು ಬಳಸುವುದೂ ಅದನ್ನೇ.

ಗೆರೆ ಎಳೆಯಲು ಬೇಕಾದದ್ದು ಕಳೆದ ವರ್ಷದ ಪಟ್ಟಿ. ಅದನ್ನು ತಾರೀಖಿನ ಪ್ರಕಾರ ಅಲ್ಲ, ಓಟಕ್ಕೆ ಎಷ್ಟು ವಾರ ಉಳಿದಿತ್ತು ಎಂಬ ಪ್ರಕಾರ ಜೋಡಿಸಬೇಕು. ಮೈಸೂರಿನ ನಮ್ಮ ಓಟದಲ್ಲಿ ಎಂಟು ವಾರ ಮುಂಚೆ ಒಟ್ಟು ನೋಂದಣಿಯ ಶೇ. 26, ಆರು ವಾರ ಮುಂಚೆ ಶೇ. 36, ನಾಲ್ಕು ವಾರ ಮುಂಚೆ ಶೇ. 55 ಆಗಿತ್ತು. ಇದೇ ಪ್ರಮಾಣವನ್ನು 3,000ಕ್ಕೆ ಹಾಕಿದರೆ ಈ ವರ್ಷದ ಗುರಿಗೆರೆ ಸಿಗುತ್ತದೆ: 780, 1,080, 1,650.

ಗೆರೆ ನೇರವಾಗಿ ಏರುವುದಿಲ್ಲ ಎಂಬುದನ್ನು ಗಮನಿಸಬೇಕು. ಆರಂಭದ ರಿಯಾಯಿತಿ ಮುಗಿಯುವ ದಿನ ಒಮ್ಮೆ ನೆಗೆಯುತ್ತದೆ, ನಡುವೆ ಮಲಗುತ್ತದೆ, ಕೊನೆಯ ವಾರಗಳಲ್ಲಿ ಮತ್ತೆ ಏಳುತ್ತದೆ. ಒಂದರ ಗೆರೆ ಇನ್ನೊಂದಕ್ಕೆ ಹೊಂದುವುದೂ ಇಲ್ಲ. ಅಮೆರಿಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಕ್ಕ ವಿಶ್ವ ಕನ್ನಡ ಸಮ್ಮೇಳನದಂಥದ್ದಕ್ಕೆ ದೂರದ ಕುಟುಂಬಗಳು ವಿಮಾನ, ಹೋಟೆಲು, ಮಕ್ಕಳ ಶಾಲೆ ಎಲ್ಲ ನೋಡಿಕೊಂಡು ತಿಂಗಳುಗಳ ಮೊದಲೇ ಮನಸ್ಸು ಮಾಡಬೇಕು. ಬಡಾವಣೆಯ ಓಟಕ್ಕೆ ಹಿಂದಿನ ವಾರ ಹೆಸರು ಬರೆಸಿದರೂ ನಡೆಯುತ್ತದೆ.

ಈಗ 900ಕ್ಕೆ ಮರಳೋಣ. ಗೆರೆ ಕೇಳುವುದು 1,080, ಅಂದರೆ 180 ಕಡಿಮೆ. ಮೊದಲು ಮಾತಾಡಿದವರು ಹೇಳಿದ್ದು ಸುಳ್ಳಲ್ಲ. ಕಳೆದ ವರ್ಷವೂ ಈ ಹೊತ್ತಿಗೆ 900 ಇತ್ತು. ಆದರೆ ಎಂಟು ವಾರ ಮುಂಚೆ ಈ ಸಲ 760 ಆಗಿತ್ತು, ಕಳೆದ ವರ್ಷ ಆಗ 650 ಮಾತ್ರ. ಆ 110ರ ಮುನ್ನಡೆ ಎರಡೇ ವಾರದಲ್ಲಿ ಕರಗಿದೆ. ಅದಕ್ಕೇ ಒಟ್ಟು ಮೊತ್ತಕ್ಕಿಂತ ವಾರವಾರದ ಹೊಸ ನೋಂದಣಿಯ ಮೇಲೆ ಕಣ್ಣಿಡಬೇಕು. ಈ ಎರಡು ವಾರದಲ್ಲಿ 300 ಬರಬೇಕಿತ್ತು, ಬಂದದ್ದು 140.

ಇದು ಹೀಗೇ ಸಾಗಿದರೆ ಕೊನೆಗೆ ಎಷ್ಟಾಗುತ್ತದೆ? ಎರಡು ಬಗೆಯಲ್ಲಿ ಅಂದಾಜಿಸುವುದು ರೂಢಿ. ಈಗಿನ ಕೊರತೆ ಕೊರತೆಯಾಗಿಯೇ ಉಳಿದು, ಮುಂದಿನದು ಗೆರೆಯಂತೆ ಬರುತ್ತದೆ ಎಂದುಕೊಂಡರೆ 900ಕ್ಕೆ ಉಳಿದ 1,920 ಕೂಡಿಸಿ 2,820. ಕೊರತೆ ಇದೇ ಪ್ರಮಾಣದಲ್ಲಿ ಬೆಳೆಯುತ್ತದೆ ಎಂದುಕೊಂಡರೆ 900 ಅನ್ನು ಶೇ. 36ರಿಂದ ಭಾಗಿಸಿ 2,500. ಯಾವುದನ್ನು ನಂಬಬೇಕು ಎಂಬುದು ಕಾರಣ ತಿಳಿದ ಮೇಲಿನ ಮಾತು.

ಸಾಮಾನ್ಯವಾಗಿ ಗೆರೆಯಿಂದ ಶೇ. 10ರಷ್ಟು ಆಚೀಚೆ ಆದರೆ ಸುಮ್ಮನಿರಬಹುದು. ಹಬ್ಬದ ವಾರ, ಮಕ್ಕಳ ಪರೀಕ್ಷೆ, ತಿಂಗಳ ಕೊನೆಯ ಖಾಲಿ ಜೇಬು, ಇವುಗಳಿಂದ ಒಂದು ವಾರ ಸೊರಗುವುದು ಸಹಜ. ಎರಡು ವಾರ ಸತತವಾಗಿ ಜಾರಿದರೆ ಮಾತ್ರ ಎದ್ದು ನಿಲ್ಲಬೇಕು. ನಮ್ಮ ಓಟ ಸುಮಾರು ಶೇ. 17 ಹಿಂದಿದೆ, ಎರಡೂ ವಾರ ಜಾರಿದೆ. ಹಾಗಾದರೆ ಬ್ಯಾನರ್ ಕಟ್ಟಿಸುವುದೇ?

ಅದಕ್ಕೆ ಮೊದಲು ಪಟ್ಟಿಯನ್ನು ಒಡೆದು ನೋಡಬೇಕು. ಕಳೆದ ವರ್ಷ ಇದೇ ಎರಡು ವಾರದಲ್ಲಿ ಬಂದ 250ರಲ್ಲಿ 120 ಒಂದೇ ಕಂಪನಿಯ ಸಿಬ್ಬಂದಿ. ಒಂದೇ ದಿನ ಒಟ್ಟಿಗೆ ಹೆಸರು ಬರೆಸಿದ್ದರು. ಒಬ್ಬೊಬ್ಬರೇ ಬಂದವರು 130. ಹೊಸ ಗುರಿಗೆ ಹಿಗ್ಗಿಸಿದರೆ ಆ ಗುಂಪಿನ ಪಾಲು 144, ಒಂಟಿ ಓಟಗಾರರ ಪಾಲು 156. ಈ ಸಲ ಒಂಟಿಯಾಗಿ ಬಂದವರು 140, ಗುಂಪು ಸೊನ್ನೆ. ಒಟ್ಟು 180ರ ಕೊರತೆಯಲ್ಲಿ 144 ಆ ಒಂದು ಕಂಪನಿಯದು! ಊರಿನ ಜನಕ್ಕೆ ಓಟದ ಸುದ್ದಿ ಮುಟ್ಟಿಲ್ಲ ಎಂಬ ಊಹೆ ತಪ್ಪು. ಬೇಕಾದದ್ದು ಕಂಪನಿಗಳ ಎಚ್.ಆರ್. ವಿಭಾಗಕ್ಕೆ ನಾಲ್ಕು ಫೋನು.

ಶುಲ್ಕ ಇಳಿಸಿದ್ದರೆ ಏನಾಗುತ್ತಿತ್ತು? ಮೂರೇ ದಿನದಲ್ಲಿ ಸಂಖ್ಯೆ ನೆಗೆಯುತ್ತಿತ್ತು, ಸಭೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು. ಆದರೆ ಹಾಗೆ ಬಂದವರಲ್ಲಿ ಹಲವರು ಹೇಗೂ ಬರುವವರೇ, ಎರಡು ವಾರ ಮೊದಲೇ ಬಂದಿರುತ್ತಾರೆ ಅಷ್ಟೆ. ರಿಯಾಯಿತಿಯ ನಂತರದ ಎರಡು ವಾರ ಗೆರೆಗಿಂತ ಕೆಳಗೆ ಹೋದರೆ, ಬಂದದ್ದು ಮುಂದಿನ ವಾರಗಳಿಂದ ತಂದ ಸಾಲ ಎಂದು ತಿಳಿಯುತ್ತದೆ. ಆರಂಭದ ರಿಯಾಯಿತಿಯನ್ನು ಪ್ರತಿ ವರ್ಷ ‘ಜನರ ಒತ್ತಾಯದ ಮೇರೆಗೆ’ ಮುಂದುವರಿಸಿದರೆ ಇನ್ನೊಂದು ಪೆಟ್ಟು: ಕಾದರೂ ನಷ್ಟವಿಲ್ಲ ಎಂದು ಓಟಗಾರರು ಕಲಿಯುತ್ತಾರೆ. ಮುಂದಿನ ವರ್ಷದ ಗೆರೆಯೇ ತಡವಾಗುತ್ತದೆ, ಹಳೆಯ ಶೇಕಡಾವಾರು ಯಾವುದಕ್ಕೂ ಹೊಂದದಂತಾಗುತ್ತದೆ.

ಲೆಕ್ಕ ಕೆಡುವ ಇನ್ನೊಂದು ಜಾಗ ಎಣಿಕೆಯದು. ಫಾರ್ಮ್ ತುಂಬಿ, ಯುಪಿಐ ಪಾವತಿಯ ಹಂತದಲ್ಲಿ ಬಿಟ್ಟುಹೋದವರನ್ನು ಸೇರಿಸಬಾರದು. ಆದರೆ ಆ ಪಟ್ಟಿಯನ್ನು ಎಸೆಯಲೂಬಾರದು. ಅವರಿಗೆ ಕಳಿಸುವ ಒಂದು ವಾಟ್ಸ್‌ಆ್ಯಪ್ ನೆನಪೋಲೆ ಬ್ಯಾನರಿಗಿಂತ ಅಗ್ಗ.

ತಳ್ಳುವುದಾದರೂ ಯಾವಾಗ ಎಂಬುದನ್ನು ಕೊನೆಯಿಂದ ಹಿಂದಕ್ಕೆ ಎಣಿಸಬೇಕು. ನಾಲ್ಕು ವಾರ ಮುಂಚೆ ಟೀ ಶರ್ಟ್ ಮತ್ತು ಪದಕಕ್ಕೆ ಆರ್ಡರ್ ಕೊಡಬೇಕು. ಕಂಪನಿಯೊಂದು ಒಪ್ಪಿ, ಸಿಬ್ಬಂದಿಗೆ ತಿಳಿಸಿ, ಹಣ ಕಟ್ಟಲು ಹತ್ತು ದಿನ ಬೇಕೆಂದರೆ ಫೋನು ಹೋಗಬೇಕಾದದ್ದು ಈ ವಾರವೇ. ಇನ್ನೊಂದು ವಾರ ಕಾದು ನೋಡೋಣ ಎಂದರೆ ಲೆಕ್ಕ ಇನ್ನಷ್ಟು ಸ್ಪಷ್ಟವಾಗುತ್ತದೆ, ಆದರೆ ಅಷ್ಟರಲ್ಲಿ ಆರ್ಡರ್ ಹೋಗಿರುತ್ತದೆ.

ಫೋನು ಹೋಯಿತು, ಎರಡು ಕಂಪನಿಗಳಿಂದ 150 ಜನ ಬಂದರು ಎನ್ನೋಣ. ನಾಲ್ಕು ವಾರ ಮುಂಚಿನ ಎಣಿಕೆ 1,540. ಗೆರೆ ಕೇಳುವ 1,650ಕ್ಕೆ 110 ಕಡಿಮೆ, ಶೇ. 10ರ ಒಳಗೆ. ಒಂದು ಅಂದಾಜು 2,890, ಇನ್ನೊಂದು 2,800. ಎರಡರ ನಡುವಿನ ಅಂತರ 320ರಿಂದ 90ಕ್ಕೆ ಇಳಿದಿದೆ. ಸಂಘಟಕರು 2,900 ಟೀ ಶರ್ಟಿಗೆ ಆರ್ಡರ್ ಕೊಡುತ್ತಾರೆ, ಬ್ಯಾನರಿನ ಹಣವನ್ನು ನೀರಿನ ಸ್ಟಾಲುಗಳಿಗೆ ತಿರುಗಿಸುತ್ತಾರೆ, ಮುಂದಿನ ವರ್ಷದ ಪಟ್ಟಿಯಲ್ಲಿ ‘ಒಂಟಿ’, ‘ಗುಂಪು’ ಎಂದು ಎರಡು ಕಾಲಂ ಹಾಕಿಡುತ್ತಾರೆ.