ಓಡದ ಕಾರಿಗೂ ವಿಮೆ ಕಟ್ಟಬೇಕಾ?

ಆರೆಂಟು ತಿಂಗಳು ಹೊರದೇಶಕ್ಕೆ ಹೋಗುವ ಗೆಳೆಯರು ನನ್ನನ್ನು ಕೇಳುವುದು ಒಂದೇ: ಕಾರು ನಿಂತಲ್ಲೇ ನಿಂತಿರುತ್ತೆ, ಇನ್ಶೂರೆನ್ಸ್ ಬಿಟ್ಟುಬಿಡಲಾ?

ಬ್ರಿಟನ್ನಿನಲ್ಲಿ 'ಈ ಕಾರು ರಸ್ತೆಗಿಳಿಯಲ್ಲ' ಎಂದು ಸರ್ಕಾರಕ್ಕೆ ಘೋಷಿಸಿ, ಖಾಸಗಿ ಜಾಗದಲ್ಲಿ ನಿಲ್ಲಿಸಿದರೆ ವಿಮೆ ಕಡ್ಡಾಯವಲ್ಲ. ನಮ್ಮಲ್ಲಿ ಅಂಥ ಘೋಷಣೆಯ ವ್ಯವಸ್ಥೆ ಇಲ್ಲ. ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಹೇಳುವುದಿಷ್ಟು: ಸಾರ್ವಜನಿಕ ಸ್ಥಳದಲ್ಲಿ ವಾಹನ 'ಬಳಸಲು' ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಹಾಗಾದರೆ ಮನೆ ಮುಂದಿನ ಬೀದಿಯಲ್ಲಿ ನಿಂತ ಕಾರು ಬಳಕೆಯಲ್ಲಿಲ್ಲ ಅಂತಲಾ? ಅಷ್ಟು ಸಲೀಸಲ್ಲ. 1987ರಲ್ಲಿ ಮಹಾರಾಷ್ಟ್ರದ ಹೆದ್ದಾರಿಯಲ್ಲಿ ಉರುಳಿಬಿದ್ದ ಪೆಟ್ರೋಲ್ ಟ್ಯಾಂಕರ್ ಕೆಲವು ಗಂಟೆಗಳ ಬಳಿಕ ಸ್ಫೋಟಗೊಂಡು ಜನ ಸತ್ತರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ, ನಿಶ್ಚಲವಾಗಿರುವ ವಾಹನವೂ 'ಬಳಕೆ'ಯಲ್ಲಿರಬಹುದು ಎಂದಿತು. ಬೀದಿಯಲ್ಲಿ ನಿಲ್ಲಿಸುವವರು ವಿಮೆ ಬಿಡುವ ಯೋಚನೆಯನ್ನೇ ಬಿಡಿ.

ಸ್ವಂತ ಗ್ಯಾರೇಜ್ ಇದ್ದವರಿಗೆ ಮಾತ್ರ ಒಂದು ದಾರಿ ಇದೆ. ಏಜೆಂಟರು ಇದರ ಸುದ್ದಿ ಎತ್ತುವುದು ಕಡಿಮೆ. ಇಂಡಿಯನ್ ಮೋಟಾರ್ ಟ್ಯಾರಿಫ್‌ನಲ್ಲಿ ಐಎಂಟಿ 11 ಎಂಬ ಷರತ್ತಿದೆ, 'ಲೇಡ್ ಅಪ್' ವಾಹನಗಳದ್ದು. ಪ್ಯಾಕೇಜ್ ಪಾಲಿಸಿ ಇರುವ ಕಾರು ಸತತ ಎರಡು ತಿಂಗಳಾದರೂ ಗ್ಯಾರೇಜ್‌ನಲ್ಲೇ ಇರುವುದಾದರೆ, ಮೊದಲೇ ದಿನಾಂಕ ಬರೆದು ಕಂಪನಿಯನ್ನು ಕೇಳಬಹುದು. ಆ ಅವಧಿಗೆ ಬೆಂಕಿ, ಕಳವು, ಗಲಭೆ, ಪ್ರವಾಹ, ಭೂಕಂಪದಂಥ ನಷ್ಟಗಳಿಗಷ್ಟೇ ರಕ್ಷಣೆ ಉಳಿದು, ಮಿಕ್ಕದ್ದೆಲ್ಲ ಅಮಾನತಾಗುತ್ತದೆ. ದುಡ್ಡು ಕೈಗೆ ಬರಲ್ಲ. ಮುಂದಿನ ಪ್ರೀಮಿಯಂನಲ್ಲಿ ಕಡಿತ ಸಿಗುತ್ತದೆ, ಇಲ್ಲವೇ ಸ್ವಲ್ಪ ಹಣ ಕಟ್ಟಿ ಪಾಲಿಸಿ ಅವಧಿ ವಿಸ್ತರಿಸಿಕೊಳ್ಳಬಹುದು.

ಅಮಾನತಾಗುವುದರಲ್ಲಿ ಥರ್ಡ್ ಪಾರ್ಟಿ ಹೊಣೆಯೂ ಸೇರಿದೆ, ಅಪಾಯ ಇರುವುದು ಅಲ್ಲೇ. "ಬ್ಯಾಟರಿ ಸಾಯಬಾರದು, ವಾರಕ್ಕೊಂದು ರೌಂಡ್ ಹೊಡಿ" ಎಂದು ತಮ್ಮನಿಗೆ ಕೀ ಕೊಟ್ಟು ಹೋದರೆ, ಅವನು ಯಾರಿಗಾದರೂ ಗುದ್ದಿದಾಗ ಪರಿಹಾರದ ಹೊರೆ ನಿಮ್ಮ ತಲೆಗೇ ಬೀಳಬಹುದು. ಲೇಡ್ ಅಪ್ ಮಾಡಿದರೆ ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ಕೀ ಬೀಗದೊಳಗೆ ಇಡಿ.

ನನ್ನ ಅಕ್ಕ ಎಂಟು ತಿಂಗಳಿಗೆ ಜರ್ಮನಿಗೆ ಹೊರಟಾಗ ಪಾಲಿಸಿ ಮುಗಿಯಲು ಎರಡೇ ತಿಂಗಳಿತ್ತು. 1200 ಸಿಸಿ ಕಾರು, ಥರ್ಡ್ ಪಾರ್ಟಿ ಪ್ರೀಮಿಯಂ 3,416 ರೂಪಾಯಿ. ಸ್ವಂತ ಹಾನಿಯ ಭಾಗ 12,000, ಅದರಲ್ಲಿ 50% ನೋ ಕ್ಲೇಮ್ ಬೋನಸ್ ಕಳೆದು 6,000. ತೆರಿಗೆ ಬಿಟ್ಟು ಒಟ್ಟು 9,416. ಉಳಿಸೋಣ ಎಂದು ಬಿಟ್ಟಿದ್ದರೆ, ಅವಧಿ ಮುಗಿದು 90 ದಿನ ದಾಟುತ್ತಿದ್ದಂತೆ ಆ ಬೋನಸ್ ಸೊನ್ನೆ. ವಾಪಸ್ ಬಂದ ಮೇಲೆ ಕಾರಿನ ತಪಾಸಣೆ, ಪೂರ್ತಿ 12,000, ಮತ್ತೆ 50%ಕ್ಕೆ ಏರಲು ಕ್ಲೇಮ್ ಇಲ್ಲದ ಐದು ವರ್ಷ. ಅವಳು ಅಲ್ಲಿಂದಲೇ ಆನ್‌ಲೈನ್‌ನಲ್ಲಿ ನವೀಕರಿಸಿದಳು.

2022ರಲ್ಲಿ ಐಆರ್‌ಡಿಎಐ ಒಪ್ಪಿದ 'ಪೇ ಆ್ಯಸ್ ಯು ಡ್ರೈವ್' ಇನ್ನೊಂದು ಆಯ್ಕೆ. ಕಡಿಮೆ ಕಿಲೋಮೀಟರ್ ಓಡಿಸುವವರಿಗೆ ಸ್ವಂತ ಹಾನಿಯ ಪ್ರೀಮಿಯಂ ಇಳಿಯುತ್ತದೆ, ಥರ್ಡ್ ಪಾರ್ಟಿಯದ್ದು ಇಳಿಯಲ್ಲ. ಆದರೆ ಹೊಣೆ ಅಮಾನತಾಗಲ್ಲ, ತಮ್ಮ ರೌಂಡ್ ಹೊಡೆಯಬಹುದು. ಗ್ಯಾರೇಜ್ ಇಲ್ಲದ ಬಾಡಿಗೆ ಮನೆಯವರಿಗೆ ನಾನು ಹೇಳುವುದು ಇದನ್ನೇ.