ಗುಜರಿ ಅಂಗಡಿಯ ತಕ್ಕಡಿಯೂ ಹಿತ್ತಾಳೆ ನಲ್ಲಿಯೂ

ಆಯುಧಪೂಜೆಗೆ ಮೊದಲಿನ ವಾರ ಗುಜರಿ ಅಂಗಡಿಯ ಮುಂದೆ ನಿಂತರೆ ಊರಿನ ಅಟ್ಟಗಳೆಲ್ಲ ಕೆಳಗಿಳಿದು ಬಂದಂತೆ ಕಾಣುತ್ತದೆ. ಎರಡು ವರ್ಷದ ಹಿಂದೆ ನಮ್ಮ ಮನೆಯದೂ ಹೀಗೇ ಇಳಿದು ಬಂತು. ಮೂರು ತಿಂಗಳ ದಿನಪತ್ರಿಕೆ, ಮಕ್ಕಳ ಹಳೆಯ ನೋಟ್‌ಬುಕ್, ರಟ್ಟಿನ ಪೆಟ್ಟಿಗೆಗಳು, ಒಡೆದ ಬಕೆಟ್ಟು, ತುಕ್ಕು ಹಿಡಿದ ಕಿಟಕಿ ಸರಳು, ಎಣ್ಣೆ ಡಬ್ಬ. ಬಚ್ಚಲುಮನೆ ರಿಪೇರಿ ಮಾಡಿಸಿದಾಗ ಪ್ಲಂಬರ್ ಬಿಚ್ಚಿಟ್ಟಿದ್ದ ಎರಡು ಹಳೆಯ ನಲ್ಲಿಗಳನ್ನು ಕಬ್ಬಿಣದ ಚೀಲಕ್ಕೇ ಹಾಕಿದ್ದೆ.

ಅಂಗಡಿಗೆ ಹೋಗುವ ಮುಂಚೆ ಪೇಪರಿನ ತೂಕದ ಲೆಕ್ಕ ಹಾಕಿಕೊಂಡಿದ್ದೆ. ಇದಕ್ಕೆ ತಕ್ಕಡಿ ಬೇಕಿಲ್ಲ. ಪತ್ರಿಕೆ ಅಚ್ಚಾಗುವ ಕಾಗದ ಒಂದು ಚದರ ಮೀಟರಿಗೆ ಸುಮಾರು 45 ಗ್ರಾಂ ತೂಗುತ್ತದೆ. ದೊಡ್ಡ ಆಕಾರದ ದಿನಪತ್ರಿಕೆಯ ಒಂದು ಪೂರ್ತಿ ಹಾಳೆಯನ್ನು ಬಿಡಿಸಿದರೆ, ಅಂದರೆ ನಾಲ್ಕು ಪುಟ ಸೇರಿದರೆ, ಚದರ ಮೀಟರಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ತೂಕ ಹತ್ತಿರ ಹತ್ತಿರ 16 ಗ್ರಾಂ. ಪುಟಕ್ಕೆ 4 ಗ್ರಾಂ ಎಂದು ನೆನಪಿಟ್ಟುಕೊಂಡರೆ ಸಾಕು. ನಮ್ಮ ಮನೆಗೆ 12 ಪುಟದ ಒಂದು, 16 ಪುಟದ ಇನ್ನೊಂದು ಪತ್ರಿಕೆ ಬರುತ್ತದೆ. ದಿನಕ್ಕೆ 48 ಮತ್ತು 64, ಸೇರಿ 112 ಗ್ರಾಂ. 90 ದಿನಕ್ಕೆ 10 ಕಿಲೋ. ಪುರವಣಿಗಳಿದ್ದರೆ ಅಷ್ಟು ಹೆಚ್ಚು, ಕಾಗದ ತೆಳುವಾಗಿದ್ದರೆ ಕೊಂಚ ಕಡಿಮೆ.

ಅಂಗಡಿಯ ತಕ್ಕಡಿ ಎಂಟೂವರೆ ಕಿಲೋ ತೋರಿಸಿತು.

"ಅಣ್ಣಾ, ಹತ್ತು ಕಿಲೋ ಇರಬೇಕಲ್ಲ?" ಅಂದೆ.

"ಕಣ್ಣೆದುರಿಗೇ ತೂಗಿದೀನಲ್ಲ ಅಕ್ಕಾ."

ಪಕ್ಕದ ದಿನಸಿ ಅಂಗಡಿಯಿಂದ ಒಂದು ಕಿಲೋ ಉಪ್ಪಿನ ಪೊಟ್ಟಣ ತಂದು ತಕ್ಕಡಿಯ ಮೇಲಿಟ್ಟೆ. 850 ಗ್ರಾಂ ತೋರಿಸಿತು. ಅವರು ಏನೂ ಮಾತಾಡದೆ ಒಳಗಿನಿಂದ ಬೇರೆ ತಕ್ಕಡಿ ತಂದರು. ಅದರಲ್ಲಿ ಹತ್ತು ಕಿಲೋ ಬಂತು. ಅವತ್ತು ಪೇಪರಿಗೆ ಕಿಲೋಗೆ 13 ರೂಪಾಯಿ. ಒಂದೂವರೆ ಕಿಲೋ ಉಳಿಸಿಕೊಂಡಿದ್ದಕ್ಕೆ ನನಗೆ ಸಿಕ್ಕಿದ್ದು ಹತ್ತೊಂಬತ್ತೂವರೆ ರೂಪಾಯಿ.

ಆ ಗೆಲುವಿನ ಸಂತೋಷದಲ್ಲಿ ಉಳಿದದ್ದರ ಕಡೆ ಗಮನ ಹೋಗಲಿಲ್ಲ. ಕಬ್ಬಿಣದ ಚೀಲ 8 ಕಿಲೋ 600 ಗ್ರಾಂ ಬಂತು. "ಎಲ್ಲಾ ಮಿಕ್ಸ್ ಇದೆ ಅಕ್ಕಾ, ಇಪ್ಪತ್ತರಂತೆ ಹಾಕ್ತೀನಿ" ಅಂದರು, ಒಪ್ಪಿದೆ. 172 ರೂಪಾಯಿ. ನೋಟ್‌ಬುಕ್ಕಿಗೆ 40, ರಟ್ಟಿಗೆ 40, ಬಕೆಟ್ಟು ಮಗ್ಗುಗಳಿಗೆ 36, ಪೇಪರಿಗೆ 130. ಒಟ್ಟು 418 ರೂಪಾಯಿ ಎಣಿಸಿಕೊಂಡು ಬಂದೆ. ವಾರದ ನಂತರ ಅದೇ ದಾರಿಯಲ್ಲಿ ಹೋಗುವಾಗ ನಮ್ಮ ಮನೆಯ ನಲ್ಲಿಗಳು ಅಂಗಡಿಯ ಮೂಲೆಯ ಸಣ್ಣ ಡಬ್ಬದಲ್ಲಿ ಕಂಡವು. ಅದು ಹಿತ್ತಾಳೆಯ ಡಬ್ಬ. ಅವತ್ತು ಹಿತ್ತಾಳೆಗೆ ಕಿಲೋಗೆ 350 ರೂಪಾಯಿ ಇತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಚೀಲದಲ್ಲಿ ಗಟ್ಟಿ ಕಬ್ಬಿಣ ಸುಮಾರು 6 ಕಿಲೋ ಇತ್ತು. ಅದಕ್ಕೆ 26ರಂತೆ 156. ಎಣ್ಣೆ ಡಬ್ಬ ಮುಂತಾದ ತಗಡು 2 ಕಿಲೋ, 15ರಂತೆ 30. ನಲ್ಲಿ ಎರಡೂ ಸೇರಿ 600 ಗ್ರಾಂ, ಅದಕ್ಕೆ 210. ಮೂರನ್ನೂ ಬೇರೆ ಮಾಡಿ ಒಯ್ದಿದ್ದರೆ 396 ರೂಪಾಯಿ. ನಾನು ತಂದದ್ದು 172. ಹತ್ತೊಂಬತ್ತೂವರೆ ರೂಪಾಯಿಗೆ ಉಪ್ಪಿನ ಪೊಟ್ಟಣ ಹಿಡಿದು ನಿಂತವಳು 224 ರೂಪಾಯಿಯನ್ನು ಚೀಲದಲ್ಲೇ ಬಿಟ್ಟು ಬಂದಿದ್ದೆ.

ಗುಜರಿಗೆ ಹಾಕುವವರಲ್ಲಿ ಹೆಚ್ಚಿನವರು ನನ್ನಂತೆಯೇ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟಿರುತ್ತಾರೆ. ತಕ್ಕಡಿಯ ಮೋಸ ಇದೆ, ಅದನ್ನು ಹಿಡಿಯಲೂ ಬೇಕು. ಆದರೆ ದುಡ್ಡು ದೊಡ್ಡ ಮೊತ್ತದಲ್ಲಿ ಹೋಗುವುದು ಬೆರೆಸಿದ ಚೀಲದಲ್ಲಿ. ಬೆರೆತ ಸರಕಿಗೆ ಅದರಲ್ಲಿರುವ ಅಗ್ಗದ ವಸ್ತುವಿನ ಹತ್ತಿರದ ಬೆಲೆಯೇ ಸಿಗುವುದು. ಬೇರ್ಪಡಿಸುವ ಕೂಲಿ ಅಂಗಡಿಯವರದಾಗುವುದರಿಂದ ಅದರಲ್ಲಿ ಸ್ವಲ್ಪ ನ್ಯಾಯವೂ ಇದೆ. ನಲ್ಲಿ ಹಿತ್ತಾಳೆಯದು ಎಂದು ಒಂದು ಮಾತು ಹೇಳಬಹುದಿತ್ತು ಎಂಬುದು ಮಾತ್ರ ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಲೋಹಗಳನ್ನು ಬೇರ್ಪಡಿಸಲು ಬೇಕಾದದ್ದು ಒಂದು ಅಯಸ್ಕಾಂತ. ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದೇ ಸಾಕು. ಕಬ್ಬಿಣಕ್ಕೂ ತಗಡಿಗೂ ಅದು ಅಂಟುತ್ತದೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಮೂರಕ್ಕೂ ಅಂಟುವುದಿಲ್ಲ. ಒಳ್ಳೆಯ ಸ್ಟೀಲ್ ಪಾತ್ರೆಗಳಲ್ಲಿ ಬಹಳಷ್ಟಕ್ಕೆ ಅಂಟುವುದಿಲ್ಲ, ಅಥವಾ ಅಂಟಿಯೂ ಅಂಟದಂತೆ ಜಾರುತ್ತದೆ. ಆದ್ದರಿಂದ ಅಯಸ್ಕಾಂತ ಹಿಡಿಯದ ಯಾವುದೂ ಕಬ್ಬಿಣದ ಚೀಲಕ್ಕೆ ಹೋಗಬಾರದು. ಬೆಳ್ಳಗೆ ಹೊಳೆಯುವ ನಲ್ಲಿಯ ಮೇಲಿರುವುದು ಬರೀ ಲೇಪ. ಅರದಿಂದ ಅಡಿಯಲ್ಲಿ ಒಂದು ಗೀರು ಎಳೆದರೆ ಹಳದಿ ಕಂಡರೆ ಹಿತ್ತಾಳೆ. ಬೂದುಬಣ್ಣ ಕಂಡರೆ ಅದು ಸತುವಿನ ಮಿಶ್ರಲೋಹ, ಬೆಲೆ ಬಹಳ ಕಡಿಮೆ. ಈಚಿನ ಅಗ್ಗದ ನಲ್ಲಿಗಳಲ್ಲಿ ಇಂಥವು ಹೆಚ್ಚು. ಹಿತ್ತಾಳೆ ನಲ್ಲಿಯಲ್ಲೂ ಹಿಡಿಯ ಪ್ಲಾಸ್ಟಿಕ್ಕು, ಕಬ್ಬಿಣದ ಸ್ಕ್ರೂ ಇದ್ದರೆ ಬಿಚ್ಚಿ ಒಯ್ಯಿರಿ. ಇಲ್ಲದಿದ್ದರೆ ಅಂಗಡಿಯವರು ಅಂದಾಜಿನ ಮೇಲೆ ತೂಕ ಮುರಿಯುತ್ತಾರೆ, ಆ ಅಂದಾಜು ಅವರ ಕಡೆಗೇ ವಾಲಿರುತ್ತದೆ. ತಾಮ್ರದ ಹಳೆ ವೈರಿಗೆ ಮಾತ್ರ ಒಂದು ಎಚ್ಚರಿಕೆ. ಮೇಲಿನ ಪ್ಲಾಸ್ಟಿಕ್ ಸುಟ್ಟು ತಾಮ್ರ ತೆಗೆಯುವ ಕೆಲಸಕ್ಕೆ ಹೋಗಬೇಡಿ. ಆ ಹೊಗೆ ವಿಷ. ಚಾಕುವಿನಿಂದ ಸುಲಿಯಲಾಗದಿದ್ದರೆ ಹಾಗೇ ಕೊಡಿ, ದರ ಕಡಿಮೆಯಾದರೂ ಸರಿ.

ಗಟ್ಟಿ ಕಬ್ಬಿಣಕ್ಕೂ ತಗಡಿಗೂ ದರ ಬೇರೆ ಏಕೆ ಎಂದು ಅನೇಕರು ಜಗಳ ಕಾಯುತ್ತಾರೆ. ಈ ಕಬ್ಬಿಣ ಕೊನೆಗೆ ಹೋಗುವುದು ಕುಲುಮೆಗೆ, ಅಲ್ಲಿಂದ ಮನೆ ಕಟ್ಟುವ ಕಂಬಿಯಾಗಿ ಬರುತ್ತದೆ. ಸರಳು ಕರಗಿದರೆ ಬಹುಪಾಲು ಕಬ್ಬಿಣವೇ ಉಳಿಯುತ್ತದೆ. ತೆಳುವಾದ ತಗಡಿನಲ್ಲಿ ತುಕ್ಕು, ಬಣ್ಣ, ಲೇಪ ಇವುಗಳ ಪಾಲು ಹೆಚ್ಚು, ಸುಟ್ಟು ಹೋಗುವುದೂ ಹೆಚ್ಚು. ಮೇಲಾಗಿ ಲಾರಿ ತುಂಬ ಡಬ್ಬ ಹೇರಿದರೂ ತೂಕ ಬರುವುದಿಲ್ಲ. ಡಬ್ಬ ಜಜ್ಜಿ ಚಪ್ಪಟೆ ಮಾಡಿ ಒಯ್ದರೆ ಕೆಲವು ಅಂಗಡಿಗಳು ಒಂದೆರಡು ರೂಪಾಯಿ ಏರಿಸುವುದು ಇದಕ್ಕೇ.

ಕಾಗದದಲ್ಲೂ ಇದೇ ಸಂಗತಿ, ಕಾರಣ ಬೇರೆ. ದಿನಪತ್ರಿಕೆಗೆ ನೋಟ್‌ಬುಕ್ಕಿಗಿಂತ ಹೆಚ್ಚು ಸಿಗುವುದು ಅದು ಕರಗದೆಯೂ ಮಾರಾಟವಾಗುವುದರಿಂದ. ಹರಿಯದ, ಒಣಗಿದ, ಅಚ್ಚುಕಟ್ಟಾಗಿ ಮಡಿಚಿದ ಪತ್ರಿಕೆಯನ್ನು ಹಣ್ಣಿನ ಮಂಡಿಯವರು, ಗಾಜಿನ ಸಾಮಾನಿನವರು, ಪೊಟ್ಟಣ ಮಾಡುವವರು ಕೊಳ್ಳುತ್ತಾರೆ. (ಬೋಂಡ, ಬಜ್ಜಿ ಕಟ್ಟಿಕೊಡಲು ಅದನ್ನು ಬಳಸುವಂತಿಲ್ಲ. ಶಾಯಿ ಆಹಾರಕ್ಕೆ ಇಳಿಯುತ್ತದೆಂದು 2018ರ ಆಹಾರ ಪ್ಯಾಕಿಂಗ್ ನಿಯಮ ಅದನ್ನು ನಿಷೇಧಿಸಿದೆ.) ಅದೇ ಪತ್ರಿಕೆ ಹರಿದು ಮುದ್ದೆಯಾಗಿದ್ದರೆ ಕಾಗದದ ಗಿರಣಿಗೇ ಹೋಗಬೇಕು, ಆಗ ರಟ್ಟಿನ ದರ. ಮಳೆಗಾಲದಲ್ಲಿ ಗೋಡೆಗೆ ಒತ್ತಿಟ್ಟ ಪೇಪರು ತೇವ ಎಳೆದುಕೊಂಡು ತೂಕ ಏರುತ್ತದೆ. ಅಂಗಡಿಯವರು ಕೈಯಿಟ್ಟ ಕೂಡಲೇ ಗುರುತಿಸಿ, ಏರಿದ ತೂಕಕ್ಕಿಂತ ಹೆಚ್ಚೇ ಮುರಿದುಬಿಡುತ್ತಾರೆ. ಮಳೆಗಾಲ ಮುಗಿದು ಒಂದೆರಡು ದಿನ ಬಿಸಿಲಿಗೆ ಹಾಕಿದ ಮೇಲೆ ಒಯ್ಯುವುದು ಲಾಭ.

ಪ್ಲಾಸ್ಟಿಕ್ಕಿನ ಕಥೆ ಸ್ವಲ್ಪ ಬೇಸರದ್ದು. ವಸ್ತುವಿನ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತದೆ, ಅದು ಪ್ಲಾಸ್ಟಿಕ್ಕಿನ ಜಾತಿ. ನೀರಿನ ಬಾಟಲಿ 1, ಶಾಂಪೂ ಬಾಟಲಿ ಸಾಮಾನ್ಯವಾಗಿ 2, ಹಾಲಿನ ಕವರ್ 4, ಬಕೆಟ್ಟು ಕುರ್ಚಿಗಳಲ್ಲಿ ಹೆಚ್ಚಿನವು 5. ಒಂದಕ್ಕೊಂದು ಬೆರೆಸಿ ಕರಗಿಸಿದರೆ ಯಾವುದೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಅದಕ್ಕೇ ಬೆಂಗಳೂರಿನ ನಾಯಂಡಹಳ್ಳಿಯಂಥ ಕಡೆ ಕೈಯಲ್ಲೇ ಜಾತಿ ಹಿಡಿದು ವಿಂಗಡಿಸುವವರಿದ್ದಾರೆ. ಅಂಕಿ ಅಳಿಸಿಹೋಗಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ. 2, 4, 5 ತೇಲುತ್ತವೆ. ಬಾಟಲಿಯ ಪ್ಲಾಸ್ಟಿಕ್ಕು, ಪೈಪಿನ ಪಿವಿಸಿ ಮುಳುಗುತ್ತವೆ. ಚಿಪ್ಸ್ ಪೊಟ್ಟಣ, ಥರ್ಮೋಕೋಲ್ ಇವನ್ನು ಸಾಮಾನ್ಯವಾಗಿ ಯಾರೂ ಕೊಳ್ಳುವುದಿಲ್ಲ. ಮನೆಯ ಮಟ್ಟಿಗೆ ಬಾಟಲಿಯನ್ನೂ ಬಕೆಟ್ಟನ್ನೂ ಬೇರೆ ಮಾಡಿ, ಹಾಲಿನ ಕವರನ್ನು ತೊಳೆದು ಒಣಗಿಸಿಟ್ಟರೆ ಅಷ್ಟೇ ಸಾಕು. ಅದಕ್ಕಿಂತ ಹೆಚ್ಚು ವಿಂಗಡಿಸಿದರೆ ಒಂದೆರಡು ಕಿಲೋಗೆ ಶ್ರಮಕ್ಕೆ ತಕ್ಕ ಕಾಸು ಬರುವುದಿಲ್ಲ.

ಇನ್ನು ತಕ್ಕಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ 12 ತಿಂಗಳಿಗೊಮ್ಮೆ, ಹಳೆಯ ತೊಲೆಯ ತಕ್ಕಡಿ ಮತ್ತು ಬಟ್ಟುಗಳಿಗೆ 24 ತಿಂಗಳಿಗೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆ ಪರೀಕ್ಷಿಸಿ ಮುದ್ರೆ ಹಾಕಬೇಕು. ಮುದ್ರೆ ಕೇಳಿ ನೋಡುವುದು ಗಿರಾಕಿಯ ಹಕ್ಕು, ಮೋಸ ಕಂಡರೆ ದೂರು ಕೊಡಬೇಕಾದದ್ದೂ ಆ ಇಲಾಖೆಗೇ. ಸರಕು ಇಡುವ ಮುಂಚೆ ಸೊನ್ನೆ ಇದೆಯೇ ನೋಡಿ. ತೂಗುವಾಗ ಚೀಲದ ಅಂಚು ನೆಲಕ್ಕೋ ಗೋಡೆಗೋ ತಾಗಬಾರದು. ಹತ್ತು ಕಿಲೋ ಪೇಪರನ್ನು ಮೂರು ಸಲ ತೂಗಿಸಬೇಡಿ. ಪ್ರತಿ ಸಲವೂ ಮೇಲಿನ ನೂರಿನ್ನೂರು ಗ್ರಾಂ ಬಿಟ್ಟು ಲೆಕ್ಕ ಹಾಕುವುದು ಅಂಗಡಿಗಳ ರೂಢಿ.

ತಾಮ್ರ, ಹಿತ್ತಾಳೆಯನ್ನು ಮಾತ್ರ ಪೇಪರಿನ ದೊಡ್ಡ ತಕ್ಕಡಿಯಲ್ಲಿ ತೂಗಿಸಲೇಬೇಡಿ. ದೊಡ್ಡ ತಕ್ಕಡಿ 50 ಗ್ರಾಂ ಅತ್ತಿತ್ತ ತೋರಿಸಿದರೆ ಪೇಪರಿನಲ್ಲಿ ಹೋಗುವುದು ಅರ್ಧ ಮುಕ್ಕಾಲು ರೂಪಾಯಿ. 350ರ ಹಿತ್ತಾಳೆಯಲ್ಲಿ ಅದೇ 50 ಗ್ರಾಂ ಹದಿನೇಳೂವರೆ ರೂಪಾಯಿ. ಸಣ್ಣ ತಕ್ಕಡಿ ಅಂಗಡಿಯಲ್ಲಿ ಇಲ್ಲದಿದ್ದರೆ ಪಕ್ಕದ ದಿನಸಿ ಅಂಗಡಿಯಲ್ಲಿ ತೂಗಿಸಿ ತನ್ನಿ.

ನಾನು ಬರೆದ ದರಗಳು ನಮ್ಮ ಬೀದಿಯ ಅಂಗಡಿಯಲ್ಲಿ ಆ ದಿನ ಇದ್ದವು. ನಿಮ್ಮಲ್ಲಿ ಬೇರೆ ಇರುತ್ತವೆ, ತಿಂಗಳಿಗೊಮ್ಮೆ ಬದಲಾಗುತ್ತಲೂ ಇರುತ್ತವೆ. ಸರಕು ಹೊರುವ ಮುಂಚೆ ಎರಡು ಅಂಗಡಿಗಳಲ್ಲಿ ಪೇಪರ್, ಕಬ್ಬಿಣ, ತಗಡು, ಹಿತ್ತಾಳೆ ಎಂದು ಒಂದೊಂದಾಗಿ ಹೆಸರು ಹೇಳಿ ದರ ಕೇಳಿ ಬನ್ನಿ. ಈ ಸಲದ ಹಬ್ಬಕ್ಕೆ ಅಟ್ಟ ಇಳಿಸುವಾಗ ಕಬ್ಬಿಣದ ಚೀಲವನ್ನು ನೆಲಕ್ಕೆ ಸುರಿದು, ಅಯಸ್ಕಾಂತ ಆಡಿಸಿ, ಅಂಟದೇ ಉಳಿದದ್ದನ್ನು ಬೇರೆ ಡಬ್ಬಕ್ಕೆ ಹಾಕಿ.