ದುಡ್ಡು ಹೋಯಿತು, ರಸೀದಿ ಬರಲಿಲ್ಲ

‘ಸರ್, ನಿಮ್ಮ ಫೀ ಪೇಜ್ ಪದೇ ಪದೇ ಕ್ರ್ಯಾಶ್ ಆಗ್ತಿದೆ, ಬೇಗ ಸರಿ ಮಾಡಿ.’ ಬಿ.ಕಾಂ. ಓದುವ ಅಕ್ಕನ ಮಗಳು ಪೋರ್ಟಲ್‌ನ ಸಹಾಯ ವಿಭಾಗಕ್ಕೆ ಬರೆದದ್ದು ಇಷ್ಟೇ. ‘ಮತ್ತೊಮ್ಮೆ ಪ್ರಯತ್ನಿಸಿ’ ಎಂದು ಉತ್ತರ ಬಂತು. ಅಷ್ಟು ಹೊತ್ತಿಗೆ ಅವಳಪ್ಪನ ಖಾತೆಯಿಂದ 18,450 ರೂಪಾಯಿ ಹೋಗಿತ್ತು. ಮತ್ತೊಮ್ಮೆ ಪ್ರಯತ್ನಿಸಿದ್ದರೆ ಇನ್ನೊಂದು ಅಷ್ಟೇ ಹೋಗುತ್ತಿತ್ತು.

ಪರದೆಯ ಮೇಲಿದ್ದದ್ದು `504 Gateway Time-out`. ಮುಂದಿನ ಸರ್ವರ್ ಹಿಂದಿನ ಸರ್ವರ್‌ನ ಉತ್ತರಕ್ಕೆ ಕಾದು ಕೈಬಿಟ್ಟಿತು ಎಂದಷ್ಟೇ ಇದರ ಅರ್ಥ. ಹಣ ಕಟ್ಟಿದ್ದು ವಿಫಲವಾಯಿತು ಎಂದಲ್ಲ. ಪೋರ್ಟಲ್ ನಮ್ಮನ್ನು ಪೇಮೆಂಟ್ ಗೇಟ್‌ವೇಗೆ ಒಪ್ಪಿಸುತ್ತದೆ, ಅದು ಬ್ಯಾಂಕನ್ನು ಕೇಳುತ್ತದೆ, ಬ್ಯಾಂಕು ಹಣ ಕಳೆದು ಗೇಟ್‌ವೇಗೆ ಹೇಳುತ್ತದೆ, ಗೇಟ್‌ವೇ ಪೋರ್ಟಲ್‌ಗೆ ತಿಳಿಸುತ್ತದೆ. ಕೊನೆಯ ದಿನದ ನೂಕುನುಗ್ಗಲಿನಲ್ಲಿ ಈ ಕೊನೆಯ ಸುದ್ದಿ ತಲುಪದೆ ಹೋದರೆ, ಹಣ ಹೋಗಿದ್ದರೂ ಪೋರ್ಟಲ್‌ನಲ್ಲಿ `Pending` ಎಂದೇ ಉಳಿಯುತ್ತದೆ.

ಆದ್ದರಿಂದ ಪೇಜು ನಿಂತದ್ದು ಯುಪಿಐ ಪಿನ್ ಒತ್ತುವ ಮೊದಲೋ ಆಮೇಲೋ ಎಂಬುದೇ ಪತ್ರದಲ್ಲಿ ಮುಖ್ಯ. ಮೊದಲೇ ನಿಂತಿದ್ದರೆ ಹಣ ಹೋಗಿರುವುದಿಲ್ಲ. ಆಮೇಲಾದರೆ ಯುಪಿಐ ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆದು, ಅಲ್ಲಿರುವ 12 ಅಂಕಿಗಳ ಯುಟಿಆರ್ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಸಾವಿರಾರು ಪಾವತಿಗಳ ನಡುವೆ ನಮ್ಮದನ್ನು ಹುಡುಕಿಕೊಡುವುದು ಅದೇ.

ಅವಳು ಎರಡನೇ ಪತ್ರ ಹೀಗೆ ಬರೆದಳು:

‘ನಿನ್ನೆ ರಾತ್ರಿ 9.42ಕ್ಕೆ ಮೂರನೇ ಸೆಮಿಸ್ಟರ್ ಶುಲ್ಕ 18,450 ರೂಪಾಯಿ ಕಟ್ಟಿದೆ. ಪಿನ್ ಒತ್ತಿದ ಮೇಲೆ ಪೋರ್ಟಲ್‌ಗೆ ಮರಳುವಾಗ 504 ಬಂತು. ಆ್ಯಪ್‌ನಲ್ಲಿ ಪಾವತಿ ಯಶಸ್ವಿ ಎಂದಿದೆ, ಪೋರ್ಟಲ್‌ನಲ್ಲಿ ಬಾಕಿ ಎಂದಿದೆ. 9.50ಕ್ಕೂ 10.05ಕ್ಕೂ ಮತ್ತೆ ತೆರೆದೆ, ಪಿನ್ ಕೇಳುವ ಮೊದಲೇ ಪೇಜ್ ನಿಂತಿತು. ಮೊಬೈಲ್‌ನ ಕ್ರೋಮ್‌ನಲ್ಲಿ ತೆರೆದಿದ್ದೆ. ನೋಂದಣಿ ಸಂಖ್ಯೆ, ಯುಟಿಆರ್, ಎರಡೂ ಪರದೆಗಳ ಚಿತ್ರ ಜೊತೆಗಿವೆ. ಗೇಟ್‌ವೇ ಲೆಕ್ಕದೊಂದಿಗೆ ತಾಳೆ ನೋಡಿ ರಸೀದಿ ಕೊಡಿ. ಅಲ್ಲಿಯವರೆಗೆ ದಂಡ ಹಾಕಬೇಡಿ.’

ಪಿನ್, ಒಟಿಪಿ, ಕಾರ್ಡಿನ ಪೂರ್ತಿ ಸಂಖ್ಯೆಗಳನ್ನು ಬರೆಯಲಿಲ್ಲ. ಯಾರು ಕೇಳಿದರೂ ಬರೆಯಕೂಡದು.

ಖಾತೆಯಿಂದ ಹಣ ಹೋಗಿ ಪಡೆಯುವವರಿಗೆ ಅದರ ಖಾತ್ರಿ ತಲುಪದಿದ್ದರೆ, ಐದು ದಿನದೊಳಗೆ ಅದು ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಹಾಗೆ ಸಿಕ್ಕಿಬಿದ್ದ ಹಣಕ್ಕೆ ಬ್ಯಾಂಕಿಗೆ ದೂರು ಕೊಡಬೇಕು. ನಮ್ಮ ಹುಡುಗಿಯದು ಆ ಬಗೆಯದಲ್ಲ. ಆ್ಯಪ್ ‘ಯಶಸ್ವಿ’ ಎಂದಿದ್ದರಿಂದ ಬ್ಯಾಂಕಿನ ಪಾಲಿನ ಕೆಲಸ ಮುಗಿದಿತ್ತು, ತಿದ್ದಬೇಕಾದದ್ದು ಪೋರ್ಟಲ್‌ನ ಲೆಕ್ಕ. ಮರುದಿನ ಮಧ್ಯಾಹ್ನ ಅವರು ತಿದ್ದಿದರು, ರಸೀದಿಯೂ ಬಂತು. ರಸೀದಿಯ ಮೇಲಿದ್ದ ತಾರೀಖು ಅವಳು ಹಣ ಕಟ್ಟಿದ ರಾತ್ರಿಯದೇ.